ಆಮೀಟರ್‌ಗೆ ಕಾಣದ ಬಿಸಿ

210 ಮೆಗಾವಾಟ್ ಸಾಮರ್ಥ್ಯದ ಉಗಿ ಟರ್ಬೈನ್ ಘಟಕವೊಂದು ಶೇ 70ರಷ್ಟು ಹೊರೆ ಹೊತ್ತು ಓಡುತ್ತಿದೆ ಎಂದಿಟ್ಟುಕೊಳ್ಳೋಣ. ಈ ಅಳತೆಯ ಏಳು ಘಟಕಗಳು ರಾಯಚೂರಿನ ಶಾಖೋತ್ಪನ್ನ ಕೇಂದ್ರದಲ್ಲೇ ಇವೆ. ಅದರ ಜನರೇಟರ್ 15.75 ಕಿಲೊವೋಲ್ಟ್‌ನಲ್ಲಿ ಪ್ರತಿ ಫೇಸ್‌ಗೆ ಹೆಚ್ಚೆಂದರೆ ಸುಮಾರು 9,050 ಆಂಪಿಯರ್ ಕೊಡಬಲ್ಲದು. ಹೊರಗೆ ಸ್ವಿಚ್‌ಯಾರ್ಡ್‌ನಲ್ಲಿ, 220 ಕಿಲೊವೋಲ್ಟ್ ಬದಿಯಲ್ಲಿ, ಒಂದು ಫೇಸ್‌ನ ಜಂಪರ್ ಕಳಚಿಕೊಳ್ಳುತ್ತದೆ. ತಂತಿ ನೆಲಕ್ಕೆ ಬಿದ್ದಿಲ್ಲ, ಯಾವುದಕ್ಕೂ ತಾಗಿಲ್ಲ; ಸುಮ್ಮನೆ ಆ ಫೇಸ್ ತೆರೆದುಕೊಂಡಿದೆ, ಅಷ್ಟೆ. ಕಂಟ್ರೋಲ್ ರೂಮಿನಲ್ಲಿ ಜನರೇಟರ್‌ನ ಮೂರು ಆಮೀಟರ್‌ಗಳು ಈಗ ಹೆಚ್ಚುಕಡಿಮೆ 8,450, 5,600, 5,600 ಆಂಪಿಯರ್ ತೋರಿಸುತ್ತವೆ. ಮೂರೂ ಒಂದೇ ಸಮನಿಲ್ಲ ನಿಜ, ಆದರೆ ಒಂದೂ 9,050ರ ಗೆರೆ ದಾಟಿಲ್ಲ. ಓವರ್‌ಕರೆಂಟ್ ರಿಲೇಗೆ ದೂರಲು ಕಾರಣವಿಲ್ಲ. ಸ್ಟೇಟರ್‌ನ ಉಷ್ಣತೆಯೂ ಹದ್ದಿನಲ್ಲೇ ಇದೆ. ಆದರೂ ಮಾನದಂಡದ ಲೆಕ್ಕದ ಪ್ರಕಾರ ಆ ಯಂತ್ರದ ರೋಟರ್‌ಗೆ ಉಳಿದಿರುವುದು ಎರಡೂವರೆ ನಿಮಿಷದಷ್ಟು ಕಾಲ ಮಾತ್ರ.

ಈ ಎರಡೂವರೆ ನಿಮಿಷ ಎಲ್ಲಿಂದ ಬಂತು, ಅದನ್ನು ಎಣಿಸುವವರು ಯಾರು, ಎಣಿಕೆ ತಪ್ಪಿದರೆ ಏನಾಗುತ್ತದೆ ಎಂಬುದೇ ನೆಗೆಟಿವ್ ಸೀಕ್ವೆನ್ಸ್ ಕರೆಂಟ್ ರಿಲೇಯ ಕಥೆ. ವಿದ್ಯುತ್ ಕೇಂದ್ರಗಳ ರಕ್ಷಣಾ ಫಲಕಗಳಲ್ಲಿ ಅದಕ್ಕೆ 46 ಎಂಬ ಸಂಖ್ಯೆ ಇರುತ್ತದೆ. ಜನರೇಟರ್‌ಗಷ್ಟೇ ಸಂಬಂಧಿಸಿದ ವಿಷಯ ಇದಲ್ಲ. ಹೊಲದ ಪಂಪ್‌ಸೆಟ್‌ನ ಮೋಟಾರು ಸುಡುವುದೂ ಅನೇಕ ಸಲ ಇದೇ ಕಾರಣಕ್ಕೆ.

ಹಿಂದಕ್ಕೆ ಸುತ್ತುವ ಕ್ಷೇತ್ರ

ಮೂರು ಫೇಸ್‌ಗಳ ಪ್ರವಾಹ ಸಮನಾಗಿದ್ದರೆ ಸ್ಟೇಟರ್‌ನಲ್ಲಿ ಹುಟ್ಟುವ ಕಾಂತಕ್ಷೇತ್ರ ರೋಟರ್‌ನ ಜೊತೆಜೊತೆಗೇ, ಅದೇ ವೇಗದಲ್ಲಿ ಸುತ್ತುತ್ತದೆ. ರೋಟರ್‌ನ ಮಟ್ಟಿಗೆ ಅದು ನಿಂತ ಕ್ಷೇತ್ರ; ನಿಂತ ಕ್ಷೇತ್ರದಿಂದ ಉಕ್ಕಿನಲ್ಲಿ ಪ್ರವಾಹ ಹುಟ್ಟುವುದಿಲ್ಲ, ಬಿಸಿಯೂ ಇಲ್ಲ. ಅಸಮತೋಲನ ಬಂದಾಗ ಏನಾಗುತ್ತದೆ ಎಂಬುದನ್ನು ಗಣಿತದ ಹಿಡಿತಕ್ಕೆ ತಂದಿದ್ದು 1918ರಲ್ಲಿ ಅಮೆರಿಕದಲ್ಲಿ ಮಂಡನೆಯಾದ ಒಂದು ಪ್ರಬಂಧ. ಅದನ್ನು ಬರೆದ ಎಂಜಿನಿಯರ್ ಐದು ವರ್ಷ ಮೊದಲು ಕೈಗೆತ್ತಿಕೊಂಡಿದ್ದ ಪ್ರಶ್ನೆ ಬೇರೆಯದೇ ಆಗಿತ್ತು: ಅಸಮ ವೋಲ್ಟೇಜ್‌ನಲ್ಲಿ ಇಂಡಕ್ಷನ್ ಮೋಟಾರ್ ಹೇಗೆ ನಡೆದುಕೊಳ್ಳುತ್ತದೆ ಎಂಬುದು. ಎಷ್ಟೇ ಏರುಪೇರಾದ ಮೂರು ಪ್ರವಾಹಗಳನ್ನೂ ಮೂರು ಸಮ ಗುಂಪುಗಳಾಗಿ ಬಿಡಿಸಬಹುದು ಎಂದು ಆ ಪ್ರಬಂಧ ತೋರಿಸಿತು. ಒಂದು ಗುಂಪು ಮುಂದಕ್ಕೆ ಸುತ್ತುವುದು. ಇನ್ನೊಂದು ಹಿಂದಕ್ಕೆ ಸುತ್ತುವುದು. ಮೂರನೆಯದು ಸುತ್ತದೆ, ಮೂರೂ ಫೇಸ್‌ಗಳಲ್ಲಿ ಏಕಕಾಲಕ್ಕೆ ಏರಿಳಿಯುವುದು. ಹಿಂದಕ್ಕೆ ಸುತ್ತುವ ಗುಂಪೇ ನೆಗೆಟಿವ್ ಸೀಕ್ವೆನ್ಸ್. ಬರಹದಲ್ಲಿ ಅದರ ಗುರುತು I₂.

ಎದುರು ಹಳಿಯಲ್ಲಿ ಬರುವ ರೈಲು ನಮ್ಮ ರೈಲಿನ ಕಿಟಕಿಯಿಂದ ದುಪ್ಪಟ್ಟು ವೇಗದಲ್ಲಿ ಹಾದುಹೋದಂತೆ, 50 ಹರ್ಟ್ಸ್‌ನಲ್ಲಿ ಹಿಂದಕ್ಕೆ ಸುತ್ತುವ ಈ ಕ್ಷೇತ್ರ ಮುಂದಕ್ಕೆ ಓಡುತ್ತಿರುವ ರೋಟರ್‌ಗೆ 100 ಹರ್ಟ್ಸ್‌ನದಾಗಿ ತಗಲುತ್ತದೆ. ಟರ್ಬೈನ್ ಜನರೇಟರ್‌ನ ರೋಟರ್ ಒಂದೇ ತುಂಡಿನ ಉಕ್ಕಿನ ದಿಮ್ಮಿ. ಅದರ ಮೈಯಲ್ಲಿ 100 ಹರ್ಟ್ಸ್‌ನ ಪ್ರವಾಹಗಳು ಹುಟ್ಟುತ್ತವೆ. ಆವರ್ತನ ಹೆಚ್ಚಿದಷ್ಟೂ ಪ್ರವಾಹ ಲೋಹದ ಒಳಗೆ ಇಳಿಯದೆ ಮೇಲ್ಪದರಕ್ಕೆ ಅಂಟಿಕೊಳ್ಳುತ್ತದೆ. ಹೀಗಾಗಿ ಹತ್ತಾರು ಟನ್ ತೂಕದ ರೋಟರ್‌ನಲ್ಲಿ ಬಿಸಿಯೆಲ್ಲ ಕೆಲವೇ ಮಿಲಿಮೀಟರ್ ದಪ್ಪದ ಚರ್ಮದಲ್ಲಿ ಹುಟ್ಟುತ್ತದೆ. ಪ್ರವಾಹ ರೋಟರ್‌ನ ಉದ್ದಕ್ಕೂ ಹಲ್ಲುಗಳ ಮೇಲ್ಮೈಯಲ್ಲಿ, ಸ್ಲಾಟ್‌ಗಳಲ್ಲಿನ ತಾಮ್ರವನ್ನು ಒತ್ತಿ ಹಿಡಿಯುವ ಬೆಣೆಗಳಲ್ಲಿ ಹರಿದು, ತುದಿಯಲ್ಲಿ ರಿಟೇನಿಂಗ್ ರಿಂಗ್ ಮೂಲಕ ಅಡ್ಡಕ್ಕೆ ತಿರುಗಿ ಹಿಂದಿರುಗುತ್ತದೆ.

ಹಾನಿ ಮೊದಲು ಕಾಣಿಸಿಕೊಳ್ಳುವುದೂ ಈ ತಿರುವಿನಲ್ಲೇ. ಬೆಣೆಯ ತುದಿಗೂ ರಿಂಗ್‌ಗೂ ನಡುವಿನ ಸ್ಪರ್ಶ ಬೆಸುಗೆಯಲ್ಲ, ಬರೀ ಒತ್ತಡದ್ದು. ಅಲ್ಲಿ ಪ್ರವಾಹ ಇಕ್ಕಟ್ಟಿನಿಂದ ದಾಟುವಾಗ ಕಿಡಿ ಹಾರಿ ಲೋಹಕ್ಕೆ ಗುಳಿ ಬೀಳುತ್ತದೆ. ಅಲ್ಯೂಮಿನಿಯಂ ಮಿಶ್ರಲೋಹದ ಬೆಣೆ ಮೆತ್ತಗಾಗುತ್ತದೆ. ರಿಟೇನಿಂಗ್ ರಿಂಗ್ ಅನ್ನು ರೋಟರ್‌ಗೆ ಕೂರಿಸುವುದೇ ಕಾಯಿಸಿ, ಹಿಗ್ಗಿಸಿ, ತಣಿದು ಬಿಗಿಯುವಂತೆ. ಅದೇ ಮತ್ತೆ ಕಾದರೆ ಬಿಗಿ ಸಡಿಲುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗುವ ವಸ್ತುವಿನಲ್ಲಿ ಬಿಗಿ ಸಡಿಲುವುದು ಎಂದರೇನು ಎಂದು ವಿವರಿಸಬೇಕಿಲ್ಲ. ಇಷ್ಟೆಲ್ಲ ಆಗುವಾಗ ಅದನ್ನು ಅಳೆಯಲು ರೋಟರ್‌ನ ಮೈಮೇಲೆ ಯಾವ ಉಷ್ಣಮಾಪಕವೂ ಇರುವುದಿಲ್ಲ. ಉಷ್ಣಮಾಪಕಗಳೆಲ್ಲ ಇರುವುದು ನಿಂತಿರುವ ಸ್ಟೇಟರ್‌ನಲ್ಲಿ.

ಅಳೆಯಲಾಗದ್ದನ್ನು ಎಣಿಸುವುದು

ಬಿಸಿಯನ್ನು ನೇರವಾಗಿ ಅಳೆಯಲಾಗದಿದ್ದರೆ ಅದರ ಕಾರಣವನ್ನಾದರೂ ಅಳೆಯಬಹುದು. ಪ್ರತಿರೋಧವಿರುವಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣ. ಒಟ್ಟು ಎಷ್ಟು ಹುಟ್ಟಿತು ಎಂಬುದು ಕಾಲಕ್ಕೂ ಅನುಗುಣ. ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷದೊಳಗೆ ರೋಟರ್‌ನ ಮೇಲ್ಪದರದಿಂದ ಶಾಖ ಹೊರಹೋಗಲು ಸಾವಕಾಶವೇ ಇಲ್ಲ, ಹುಟ್ಟಿದ್ದೆಲ್ಲ ಅಲ್ಲೇ ಕೂಡಿಕೊಳ್ಳುತ್ತದೆ ಎಂದು ಒಪ್ಪಿಕೊಂಡರೆ ಲೆಕ್ಕ ಬಹಳ ಸರಳವಾಗುತ್ತದೆ:

I₂² × t = K

ಇಲ್ಲಿ I₂ ಎಂದರೆ ಯಂತ್ರದ ಪೂರ್ಣ ಪ್ರವಾಹದ ಎಷ್ಟನೇ ಭಾಗ ನೆಗೆಟಿವ್ ಸೀಕ್ವೆನ್ಸ್ ಎಂಬ ಅನುಪಾತ, t ಸೆಕೆಂಡುಗಳಲ್ಲಿ, K ಆ ರೋಟರ್ ತಾಳಬಲ್ಲ ಒಟ್ಟು ಮೊತ್ತ. ಅಂತರರಾಷ್ಟ್ರೀಯ ಮಾನದಂಡ 350 ಎಂವಿಎವರೆಗಿನ, ತಾಮ್ರವನ್ನೇ ನೇರವಾಗಿ ತಣಿಸುವ ಟರ್ಬೈನ್ ಜನರೇಟರ್‌ಗಳಿಗೆ K ಕನಿಷ್ಠ 8 ಇರಬೇಕೆನ್ನುತ್ತದೆ. ಹಾಗೆಂದರೆ I₂ ಪೂರ್ಣ ಪ್ರವಾಹದಷ್ಟೇ ಇದ್ದರೆ 8 ಸೆಕೆಂಡು. ಅದರ ಅರ್ಧವಿದ್ದರೆ 32 ಸೆಕೆಂಡು. ಐದನೇ ಒಂದಾದರೆ 200 ಸೆಕೆಂಡು.

ಮೊದಲು ಹೇಳಿದ ಘಟಕಕ್ಕೆ ಇದನ್ನೇ ಅನ್ವಯಿಸಿ ನೋಡೋಣ. ಟ್ರಾನ್ಸ್‌ಫಾರ್ಮರ್‌ನ ಹೆಚ್ಚು ವೋಲ್ಟೇಜ್ ಬದಿಯ ನ್ಯೂಟ್ರಲ್ ನೆಲಕ್ಕೆ ಕೂಡಿದ್ದು, ಅಲ್ಲಿ ಒಂದು ಫೇಸ್ ತೆರೆದರೆ, ಹಿಮ್ಮುಖ ಪ್ರವಾಹ ಎಷ್ಟೆಂಬುದು ಟ್ರಾನ್ಸ್‌ಫಾರ್ಮರ್, ಜನರೇಟರ್ ಮತ್ತು ಗ್ರಿಡ್‌ನ ಪ್ರತಿಬಾಧೆಗಳನ್ನು ಅವಲಂಬಿಸಿರುತ್ತದೆ. ಸಾಮಾನ್ಯ ಮೌಲ್ಯಗಳನ್ನು ಇಟ್ಟು ಲೆಕ್ಕ ಹಾಕಿದರೆ ಅದು ಮುಮ್ಮುಖ ಪ್ರವಾಹದ ಮೂರನೇ ಒಂದರಷ್ಟಾಗುತ್ತದೆ. ಶೇ 70ರ ಹೊರೆಯಲ್ಲಿ ಮೂರನೇ ಒಂದು ಎಂದರೆ 0.233, ಆಂಪಿಯರ್ ಲೆಕ್ಕದಲ್ಲಿ ಸುಮಾರು 2,110. ಅದರ ವರ್ಗ 0.0544. ಎಂಟನ್ನು ಇದರಿಂದ ಭಾಗಿಸಿದರೆ 147 ಸೆಕೆಂಡು. ಒಂದು ಫೇಸ್‌ನಲ್ಲಿ ಮುಮ್ಮುಖ, ಹಿಮ್ಮುಖ ಪ್ರವಾಹಗಳೆರಡೂ ನೇರ ಕೂಡಿ 0.93 ಆಗುತ್ತವೆ; ಉಳಿದೆರಡರಲ್ಲಿ ಅವು ಓರೆಯಾಗಿ ಸೇರಿ 0.62 ಆಗುತ್ತವೆ. ಆಮೀಟರ್‌ಗಳು ತೋರಿಸಿದ್ದು ಅದನ್ನೇ. ಅವುಗಳಲ್ಲಿ 2,110 ಎಂಬ ಸಂಖ್ಯೆ ಎಲ್ಲೂ ಬಿಡಿಯಾಗಿ ಕಾಣುವುದಿಲ್ಲ.

ಸೂತ್ರದ ಸರಳತೆಗೆ ಒಂದು ಮಿತಿಯಿದೆ. I₂ ಸಣ್ಣದಾಗಿದ್ದಾಗ ಕಾಲ ಉದ್ದವಾಗುತ್ತದೆ, ಆಗ ಶಾಖ ಹೊರಹೋಗುವುದಿಲ್ಲ ಎಂಬ ಊಹೆ ನಿಲ್ಲುವುದಿಲ್ಲ. ಅದಕ್ಕೇ ಮಾನದಂಡಗಳು ಎರಡನೆಯ ಸಂಖ್ಯೆಯೊಂದನ್ನೂ ಕೊಡುತ್ತವೆ: ಯಂತ್ರ ಎಷ್ಟು ಹೊತ್ತಾದರೂ ತಾಳಬಲ್ಲ I₂. ಈ ಅಳತೆಯ ಯಂತ್ರಕ್ಕೆ ಅದು ಶೇ 8. ಇಂದಿನ ಕೆಲವು ರಿಲೇಗಳು ಇವೆರಡನ್ನೂ ಸೇರಿಸಿ, ಶಾಖ ಹೊರಹೋಗುವುದನ್ನೂ ಲೆಕ್ಕಕ್ಕೆ ಹಿಡಿದು ಕಾಲ ನಿರ್ಣಯಿಸುತ್ತವೆ. ನಮ್ಮ ಉದಾಹರಣೆಯಲ್ಲಿ ಆ ಲೆಕ್ಕ 147ರ ಬದಲು 156 ಸೆಕೆಂಡು ಕೊಡುತ್ತದೆ, ವ್ಯತ್ಯಾಸ ಗಣನೀಯವಲ್ಲ. ಆದರೆ I₂ ಶೇ 10 ಇದ್ದರೆ ಸರಳ ಸೂತ್ರ 800 ಸೆಕೆಂಡು ಎನ್ನುವಲ್ಲಿ ಈ ಲೆಕ್ಕ ಸುಮಾರು 1,280 ಎನ್ನುತ್ತದೆ. ಸರಳ ಸೂತ್ರ ತಪ್ಪಿದರೆ ಎಚ್ಚರಿಕೆಯ ಕಡೆಗೇ ತಪ್ಪುತ್ತದೆ ಎಂಬುದು ಸಮಾಧಾನದ ಸಂಗತಿ. ಅನವಶ್ಯಕ ಟ್ರಿಪ್‌ನ ನಷ್ಟ ಭರಿಸುವವರಿಗೆ ಮಾತ್ರ ಅದು ಸಮಾಧಾನ ತರದು.

ಬೆಳೆದ ಯಂತ್ರ, ಕುಗ್ಗಿದ ತಾಳಿಕೆ

ಕಳೆದ ಶತಮಾನದ ಮಧ್ಯಭಾಗದಲ್ಲಿ ಟರ್ಬೈನ್ ಜನರೇಟರ್‌ಗಳಿಗೆ ಅಮೆರಿಕದ ಮಾನದಂಡ ಇಟ್ಟ K 30 ಆಗಿತ್ತು. ಆಗಿನ ಯಂತ್ರಗಳಲ್ಲಿ ತಂಪುಗಾಳಿ ಅಥವಾ ಹೈಡ್ರೊಜನ್ ರೋಟರ್‌ನ ಹೊರಮೈ ಸವರಿ ಹೋಗುತ್ತಿತ್ತು. ಬಳಿಕ ತಾಮ್ರದ ವಾಹಕದೊಳಗೇ ಹೈಡ್ರೊಜನ್ ಅಥವಾ ನೀರು ಹಾಯಿಸುವ ವಿಧಾನ ಬಂತು. ಅಷ್ಟೇ ಗಾತ್ರದ ಉಕ್ಕಿನಿಂದ ಹೆಚ್ಚು ಮೆಗಾವಾಟ್ ತೆಗೆಯುವುದು ಸಾಧ್ಯವಾಯಿತು. ತಣಿಸುವ ವ್ಯವಸ್ಥೆ ಸುಧಾರಿಸಿದ್ದು ತಾಮ್ರಕ್ಕೆ. ಮೇಲ್ಮೈಯ ಚರ್ಮ ಹಾಗೆಯೇ ಉಳಿಯಿತು. ಪೂರ್ಣ ಪ್ರವಾಹ ಏರಿದಾಗ ಅದರ ಅದೇ ಅನುಪಾತದ ಹಿಮ್ಮುಖ ಪ್ರವಾಹವೂ ಆಂಪಿಯರ್ ಲೆಕ್ಕದಲ್ಲಿ ಏರಿತು. ಹೀಗಾಗಿ ನೇರ ತಣಿಸುವ ಯಂತ್ರಗಳಿಗೆ ಅಮೆರಿಕದ ಮಾನದಂಡ K ಅನ್ನು 10ಕ್ಕೆ ಇಳಿಸಿತು. ಅಂತರರಾಷ್ಟ್ರೀಯ ಮಾನದಂಡದಲ್ಲಿ ಅದು 8ರಿಂದ ಆರಂಭವಾಗಿ ಯಂತ್ರ ದೊಡ್ಡದಾದಂತೆ ಇನ್ನೂ ಕುಗ್ಗುತ್ತದೆ: 588 ಎಂವಿಎ ಅಳತೆಯ 500 ಮೆಗಾವಾಟ್ ಘಟಕಕ್ಕೆ ಸುಮಾರು 6.7, ಅತಿ ದೊಡ್ಡವಕ್ಕೆ 5.

ಜಲವಿದ್ಯುತ್ ಕೇಂದ್ರಗಳ ಚಿತ್ರ ಬೇರೆ. ಶರಾವತಿಯಂಥ ಕಡೆ ಇರುವ ಜನರೇಟರ್‌ಗಳ ರೋಟರ್‌ನಲ್ಲಿ ಬಿಡಿಬಿಡಿ ಧ್ರುವಗಳು ಹೊರಚಾಚಿಕೊಂಡಿರುತ್ತವೆ. ಧ್ರುವದ ಮುಖದಲ್ಲಿ ಡ್ಯಾಂಪರ್ ಎಂಬ ತಾಮ್ರದ ಕಂಬಿಗಳಿರುತ್ತವೆ. ಹಿಮ್ಮುಖ ಕ್ಷೇತ್ರದಿಂದ ಹುಟ್ಟುವ ಪ್ರವಾಹಕ್ಕೆ ಅಲ್ಲಿ ಒಂದು ಸಿದ್ಧ ದಾರಿಯಿದೆ. ಆದ್ದರಿಂದ ಅವುಗಳ K ಹೆಚ್ಚು. ಅಮೆರಿಕದ ಮಾನದಂಡದಲ್ಲಿ 40.

ಕುರುಡಾಗಿದ್ದ ಕಾವಲುಗಾರ

ಎಣಿಸಬೇಕಾದ ರಿಲೇ ಈ ಬದಲಾವಣೆಗೆ ತಕ್ಕಂತೆ ಬೆಳೆಯಲು ತಡವಾಯಿತು. ತಿರುಗುವ ತಟ್ಟೆಯ ಹಳೆಯ ರಿಲೇಗಳು ಪ್ರವಾಹದ ವರ್ಗಕ್ಕೆ ವಿಲೋಮ ಅನುಪಾತದ ಕಾಲವನ್ನು ಯಾಂತ್ರಿಕವಾಗಿಯೇ ಕೊಡುತ್ತಿದ್ದವು. ಅದೊಂದು ಜಾಣ್ಮೆಯ ವಿನ್ಯಾಸ. ಆದರೆ ಅವುಗಳಿಗೆ ಎಚ್ಚರವಾಗುತ್ತಿದ್ದುದೇ I₂ ಪೂರ್ಣ ಪ್ರವಾಹದ ಶೇ 60ರ ಆಸುಪಾಸಿಗೆ ಬಂದಾಗ. ಹತ್ತಿರದ ಮಾರ್ಗದಲ್ಲಿ ಎರಡು ಫೇಸ್ ಒಂದಕ್ಕೊಂದು ತಾಗಿ, ಮಾರ್ಗದ ಬ್ರೇಕರ್ ತೆರೆಯದೆ ಹೋದರೆ ಅವು ಕೆಲಸ ಮಾಡುತ್ತಿದ್ದವು. ಶೇ 23ರ ನಮ್ಮ ಜಂಪರ್ ಪ್ರಕರಣದಲ್ಲಿ ಅವು ಕದಲುವುದೇ ಇಲ್ಲ. ರೋಟರ್ ಸುಡುವ ನಿಜವಾದ ದಾರಿ ಹೆಚ್ಚಾಗಿ ಎರಡನೆಯದೇ: ಸದ್ದಿಲ್ಲದ, ಕಿಡಿಯಿಲ್ಲದ, ನಿಮಿಷಗಟ್ಟಲೆ ಮುಂದುವರಿಯುವ ತೆರೆದ ಫೇಸ್. ಎಲೆಕ್ಟ್ರಾನಿಕ್ ರಿಲೇಗಳು ಬಂದ ಮೇಲೆ ಶೇ 4-5ರಷ್ಟು I₂ ಕೂಡ ಕಾಣುವಂತಾಯಿತು. ಮೂರು ಸಿ.ಟಿ.ಗಳಿಂದ ಬರುವ ಪ್ರವಾಹಗಳಲ್ಲಿ ಎರಡನ್ನು 120 ಡಿಗ್ರಿಯ ಪಟ್ಟಿನಲ್ಲಿ ತಿರುಗಿಸಿ ಮೂರನ್ನೂ ಕೂಡಿದರೆ ಮುಮ್ಮುಖ ಭಾಗ ಪರಸ್ಪರ ಕಳೆದುಹೋಗಿ ಹಿಮ್ಮುಖ ಭಾಗ ಮಾತ್ರ ಉಳಿಯುತ್ತದೆ. ಅದನ್ನು ವರ್ಗಗೊಳಿಸಿ, ಕ್ಷಣಕ್ಷಣಕ್ಕೂ ಕೂಡುತ್ತ ಹೋಗಿ, ಮೊತ್ತ K ಮುಟ್ಟಿದಾಗ ಬ್ರೇಕರ್‌ಗೆ ಆಜ್ಞೆ ಕೊಡುವುದೇ ಇಂದಿನ ರಿಲೇಯ ಕೆಲಸ.

ಕೂಡಿದ್ದನ್ನು ನೆನಪಿಡುವುದೂ ಅಷ್ಟೇ ಮುಖ್ಯ. ಜಂಪರ್ ಗಾಳಿಗೆ ಅಲುಗಾಡಿ 100 ಸೆಕೆಂಡು ತೆರೆದು, ತಾನಾಗಿಯೇ ತಾಗಿ, ಒಂದು ನಿಮಿಷದ ಬಳಿಕ ಮತ್ತೆ ತೆರೆಯಿತೆನ್ನಿ. ಮೊದಲ ಸರದಿಯಲ್ಲೇ ತಾಳಿಕೆಯ ಮೂರನೇ ಎರಡು ಭಾಗ ಮುಗಿದಿದೆ. ರೋಟರ್ ತಣಿಯಲು ಹಲವು ನಿಮಿಷ ಬೇಕು. ಒಂದು ನಿಮಿಷದಲ್ಲಿ ಹೆಚ್ಚೇನೂ ತಣಿದಿರುವುದಿಲ್ಲ. ರಿಲೇ ಮಾತ್ರ ಎಲ್ಲ ಮರೆತು ಸೊನ್ನೆಯಿಂದ ಎಣಿಕೆ ಶುರುಮಾಡಿದರೆ ಎರಡನೆಯ ಸರದಿಗೂ ಪೂರ್ತಿ 147 ಸೆಕೆಂಡು ಬಿಟ್ಟುಕೊಡುತ್ತದೆ. ಹೀಗಾಗಿ ಎಣಿಕೆ ನಿಧಾನವಾಗಿ ಇಳಿಯುವಂತೆ ರೋಟರ್‌ನ ತಣಿಯುವ ವೇಗಕ್ಕೆ ಹೊಂದಿಸುವ ಸೌಲಭ್ಯ ಈಗಿನ ರಿಲೇಗಳಲ್ಲಿದೆ. ಸೆಟ್ಟಿಂಗ್ ಪಟ್ಟಿಯಲ್ಲಿ ಜನ ಹೆಚ್ಚು ಗಮನ ಕೊಡದ ಸಾಲು ಇದೇ ಎಂಬುದು ಈ ಲೇಖಕನ ಅನಿಸಿಕೆ.

ಸಿ.ಟಿ. ವೈರಿಂಗ್ ತಪ್ಪಾದರೆ ರಿಲೇ ಇಲ್ಲದ ಅಸಮತೋಲನವನ್ನೂ ಕಾಣುತ್ತದೆ. ಅದನ್ನು ಪತ್ತೆಹಚ್ಚುವ ಬಗೆ ಸರಳ. ಘಟಕವನ್ನು ಗ್ರಿಡ್‌ಗೆ ಜೋಡಿಸಿ ಸ್ವಲ್ಪ ಹೊರೆ ಹಾಕಿ ರಿಲೇಯ ಪರದೆ ಓದಿದರೆ ಸಾಕು. ಎರಡು ಫೇಸ್‌ಗಳ ತಂತಿ ಅದಲುಬದಲಾಗಿದ್ದರೆ ಮುಮ್ಮುಖ ಪ್ರವಾಹ ಸೊನ್ನೆಯಾಗಿ, ಹೊರೆಯೆಲ್ಲ I₂ ಆಗಿ ಕಾಣುತ್ತದೆ. ಒಂದು ಸಿ.ಟಿ. ತಲೆಕೆಳಗಾಗಿದ್ದರೆ I₂ ಹೊರೆಯ ಮೂರನೇ ಎರಡು ಭಾಗ. ಒಂದು ಸಿ.ಟಿ.ಯ ಪ್ರವಾಹ ರಿಲೇಗೆ ಬರದೇ ಇದ್ದರೆ ಮೂರನೇ ಒಂದು ಭಾಗ. ಕೊನೆಯದು ಮೋಸದ್ದು, ಏಕೆಂದರೆ ನಮ್ಮ ಜಂಪರ್ ಪ್ರಕರಣದ ಅನುಪಾತವೂ ಹೆಚ್ಚುಕಡಿಮೆ ಅಷ್ಟೇ. ಎರಡನ್ನೂ ಬೇರ್ಪಡಿಸುವ ಗುರುತು ಮೂರನೆಯ ಗುಂಪಿನಲ್ಲಿದೆ. ಜನರೇಟರ್‌ನ ನ್ಯೂಟ್ರಲ್ ದೊಡ್ಡ ಪ್ರತಿರೋಧದ ಮೂಲಕ ನೆಲಕ್ಕೆ ಸೇರಿರುವುದರಿಂದ ಅಲ್ಲಿ ಸುತ್ತದ ಪ್ರವಾಹ ನಿಜವಾಗಿ ಹರಿಯಲು ದಾರಿಯೇ ಇಲ್ಲ. ಪರದೆಯಲ್ಲಿ ಅದೂ ಮೂರನೇ ಒಂದರಷ್ಟು ಕಂಡರೆ ತೊಂದರೆ ವೈರಿಂಗ್‌ನಲ್ಲಿದೆ. ಅದು ಸೊನ್ನೆಯಿದ್ದು I₂ ಮಾತ್ರ ಏರಿದ್ದರೆ ತೊಂದರೆ ಯಂತ್ರದ ಹೊರಗೆ, ನಿಜವಾಗಿಯೂ ಇದೆ.

ಟ್ರಿಪ್ ಮಾಡಬೇಕೇ, ಗಂಟೆ ಬಾರಿಸಬೇಕೇ

ಗ್ರಿಡ್ ನಿರ್ವಹಿಸುವವರ ವಾದಕ್ಕೆ ತೂಕವಿದೆ. ಅಸಮತೋಲನ ಸಾಮಾನ್ಯವಾಗಿ ಯಂತ್ರದ ತಪ್ಪಲ್ಲ, ಹೊರಗಿನಿಂದ ಬಂದದ್ದು. ದೂರದ ಮಾರ್ಗವೊಂದರ ದೋಷಕ್ಕೆ ಅಥವಾ ಎರಡು ಫೇಸ್‌ಗಳಿಂದಷ್ಟೇ ವಿದ್ಯುತ್ ಎಳೆಯುವ ರೈಲ್ವೆ ಸಬ್‌ಸ್ಟೇಷನ್‌ಗಳ ಹೊರೆಗೆ ಘಟಕಗಳು ಒಂದೊಂದಾಗಿ ಕೈಬಿಟ್ಟರೆ ಉಳಿದವುಗಳ ಮೇಲೆ ಭಾರ ಬೀಳುತ್ತದೆ. ರೈಲ್ವೆಯ 25 ಕಿಲೊವೋಲ್ಟ್ ವ್ಯವಸ್ಥೆ ಏಕ ಫೇಸ್‌ನದು. ಸಾಲಾಗಿ ಬರುವ ಸಬ್‌ಸ್ಟೇಷನ್‌ಗಳನ್ನು ಸರದಿಯಂತೆ ಬೇರೆ ಬೇರೆ ಫೇಸ್ ಜೋಡಿಗಳಿಗೆ ಕೂಡಿಸಿ ಅಸಮತೋಲನ ಹಂಚುತ್ತಾರಾದರೂ ರೈಲುಗಳು ಎಲ್ಲ ಭಾಗದಲ್ಲೂ ಸಮನಾಗಿ ಓಡುವುದಿಲ್ಲ. ಹಾಗಾಗಿ ಶೇ 1-2ರಷ್ಟು I₂ ಹಲವು ಕಡೆ ನಿತ್ಯದ ಸಂಗತಿ.

ಯಂತ್ರ ನೋಡಿಕೊಳ್ಳುವವರ ವಾದವೂ ಸುಳ್ಳಲ್ಲ. ರೋಟರ್ ಒಮ್ಮೆ ಹಾಳಾದರೆ ಅದನ್ನು ಹೊರತೆಗೆದು, ರಿಂಗ್ ಕಳಚಿ, ಬೆಣೆ ಬದಲಿಸಿ ಮತ್ತೆ ಕೂರಿಸಲು ತಿಂಗಳುಗಳು ಹಿಡಿಯುತ್ತವೆ. ಅನವಶ್ಯಕ ಟ್ರಿಪ್‌ನಿಂದ ಆಗುವ ನಷ್ಟ ಕೆಲವು ಗಂಟೆಗಳದು.

ಬಳಕೆಯಲ್ಲಿರುವ ನಡುದಾರಿ ಎರಡು ಮೆಟ್ಟಿಲಿನದು. ನಿರಂತರ ತಾಳಿಕೆಗಿಂತ ಕೆಳಗೆ, ಶೇ 5ರ ಆಸುಪಾಸಿನಲ್ಲಿ, ಕೆಲವು ಸೆಕೆಂಡುಗಳ ಬಳಿಕ ಗಂಟೆ. ತಾಳಿಕೆ ಮೀರಿದ ಮೇಲೆ K ಎಣಿಕೆಯ ಟ್ರಿಪ್. ಹತ್ತಿರದ ದೊಡ್ಡ ದೋಷಗಳಲ್ಲಿ ಈ ರಿಲೇ ಮುನ್ನುಗ್ಗುವ ಭಯವಿಲ್ಲ. I₂ ಪೂರ್ಣ ಪ್ರವಾಹದ ಎರಡೂವರೆ ಪಟ್ಟಾದರೂ ಎಣಿಕೆ ತುಂಬಲು 1.3 ಸೆಕೆಂಡು ಬೇಕು. ಮಾರ್ಗದ ರಕ್ಷಣೆ ಅದಕ್ಕೆ ಬಹಳ ಮೊದಲೇ ಕೆಲಸ ಮುಗಿಸಿರಬೇಕು. ಇನ್ನೊಂದು ಕೊನೆಯಲ್ಲಿ, ಗಂಟೆ ಬಾರಿಸಿದ ಮೇಲೆ ಆಪರೇಟರ್ ಹೊರೆ ಇಳಿಸಿದರೆ ಸಿಗುವ ಲಾಭ ವರ್ಗದ ಲೆಕ್ಕದ್ದು. ನಮ್ಮ ಘಟಕದ ಹೊರೆಯನ್ನು ಶೇ 70ರಿಂದ 35ಕ್ಕೆ ತಂದರೆ I₂ ಅರ್ಧವಾಗುತ್ತದೆ, ಉಳಿದ ಕಾಲ ನಾಲ್ಕು ಪಟ್ಟಾಗುತ್ತದೆ. ಆದರೆ ಹೊರೆ ಇಳಿಸುವುದಕ್ಕೂ ನಿಮಿಷಗಳು ಬೇಕು. ಗಂಟೆಯೊಂದನ್ನೇ ನೆಚ್ಚಿ ಟ್ರಿಪ್ ತೆಗೆದುಹಾಕುವ ವಾದ ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ.

ಟ್ರಿಪ್ ಕೊಟ್ಟರೂ ಕೆಲಸ ಮುಗಿಯದ ಸಂದರ್ಭವೊಂದಿದೆ. ಬ್ರೇಕರ್‌ಗೆ ತೆರೆಯಲು ಆಜ್ಞೆ ಹೋಗಿ, ಎರಡು ಪೋಲ್ ತೆರೆದು ಒಂದು ಸಿಕ್ಕಿಕೊಂಡರೆ ಉಗಿ ನಿಂತ ಯಂತ್ರ ಆ ಒಂದೇ ಫೇಸ್‌ನ ಮೂಲಕ ಗ್ರಿಡ್‌ಗೆ ಅಂಟಿಕೊಂಡಿರುತ್ತದೆ. ಹಿಮ್ಮುಖ ಪ್ರವಾಹಕ್ಕೆ ಕಾರಣವೇ ಬ್ರೇಕರ್ ಆಗಿರುವಾಗ ಅದಕ್ಕೇ ಮತ್ತೆ ಮತ್ತೆ ಆಜ್ಞೆ ಕೊಟ್ಟು ಪ್ರಯೋಜನವಿಲ್ಲ. ಆಗ ಎಲ್‌ಬಿಬಿ ಎನ್ನುವ ರಕ್ಷಣೆ ಆ ಬಸ್‌ಬಾರ್‌ಗೆ ಕೂಡಿದ ಉಳಿದೆಲ್ಲ ಬ್ರೇಕರ್‌ಗಳನ್ನು ತೆರೆಯಬೇಕು. ಅದು ಸಣ್ಣ ಪ್ರವಾಹವನ್ನೂ ಕಾಣುವಷ್ಟು ಸೂಕ್ಷ್ಮವಾಗಿ ಹೊಂದಿಸಿದ್ದರೆ ಮಾತ್ರ ರೋಟರ್ ಉಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡಬೇಕಾದ್ದು K ಎಲ್ಲಿಂದ ಬಂತು ಎಂಬ ಪ್ರಶ್ನೆ. ಅದು ಆಯಾ ರೋಟರ್‌ಗೆ ತಯಾರಕರು ಕೊಡುವ ಸಂಖ್ಯೆ. ಪಕ್ಕದ ಘಟಕದ ಸೆಟ್ಟಿಂಗ್ ನಕಲು ಮಾಡುವುದು, ಒಂದು ದೇಶದ ಮಾನದಂಡದ 10 ಅನ್ನು ಇನ್ನೊಂದು ಮಾನದಂಡಕ್ಕೆ ತಯಾರಾದ ಯಂತ್ರಕ್ಕೆ ಹಾಕುವುದು ಸಣ್ಣ ತಪ್ಪಾಗಿ ಕಾಣಬಹುದು. ಎಂಟರ ರೋಟರ್‌ಗೆ ಹತ್ತು ಇಟ್ಟರೆ ಪ್ರತಿ ಸಲವೂ ತಾಳಿಕೆಯ ಕಾಲು ಭಾಗದಷ್ಟು ಮಿತಿ ಮೀರಲು ಬಿಟ್ಟಂತೆ.

ಹೊಲದ ಮೋಟಾರಿನ ಪಾಡು

ಇಂಡಕ್ಷನ್ ಮೋಟಾರ್‌ನಲ್ಲೂ ಭೌತವಿಜ್ಞಾನ ಇದೇ, ಪರಿಣಾಮ ಮಾತ್ರ ಇನ್ನೂ ತೀಕ್ಷ್ಣ. ಹಿಮ್ಮುಖ ವೋಲ್ಟೇಜ್‌ಗೆ ಓಡುವ ಮೋಟಾರ್ ತೋರುವ ಪ್ರತಿಬಾಧೆ, ಅದು ನಿಂತಿರುವಾಗ ತೋರುವಷ್ಟೇ ಕಡಿಮೆ. ಸ್ಟಾರ್ಟ್ ಆಗುವಾಗ ಆರು ಪಟ್ಟು ಪ್ರವಾಹ ಎಳೆಯುವ ಮೋಟಾರ್‌ಗೆ ಶೇ 5ರಷ್ಟು ಹಿಮ್ಮುಖ ವೋಲ್ಟೇಜ್ ಬಂದರೆ ಶೇ 30ರಷ್ಟು ಹಿಮ್ಮುಖ ಪ್ರವಾಹ ಹರಿಯುತ್ತದೆ. ಆ ಪ್ರವಾಹಕ್ಕೆ ರೋಟರ್ ಕಂಬಿಗಳ ಪ್ರತಿರೋಧವೂ ಹಲವು ಪಟ್ಟು ಹೆಚ್ಚು. ದೊಡ್ಡ ಮೋಟಾರ್‌ಗಳ ರಿಲೇಗಳು ಹಿಮ್ಮುಖ ಪ್ರವಾಹದ ವರ್ಗಕ್ಕೆ ಸುಮಾರು ಆರು ಪಟ್ಟು ತೂಕ ಕೊಟ್ಟು ಮುಮ್ಮುಖದ ವರ್ಗಕ್ಕೆ ಕೂಡುತ್ತವೆ. ಪೂರ್ಣ ಹೊರೆಯಲ್ಲಿ ಶೇ 30ರ I₂ ಇದ್ದರೆ ಮೊತ್ತ 1.54; ಎಂದರೆ ಮೋಟಾರ್ ಶೇ 24ರಷ್ಟು ಹೆಚ್ಚು ಪ್ರವಾಹ ಹೊತ್ತಂತೆ ಕಾಯುತ್ತದೆ.

ಒಂದು ಫೇಸ್ ಪೂರ್ತಿ ಹೋದರೆ ಸ್ಥಿತಿ ಇನ್ನೂ ಕೆಡುತ್ತದೆ. ಹಳ್ಳಿಯ ಟಿ.ಸಿ.ಯಲ್ಲಿ ಒಂದು ಫ್ಯೂಸ್ ಹಾರಿದಾಗ ಓಡುತ್ತಿರುವ ಪಂಪ್ ನಿಲ್ಲುವುದಿಲ್ಲ. ಉಳಿದೆರಡು ತಂತಿಗಳಲ್ಲಿ ಹೆಚ್ಚುಕಡಿಮೆ 1.7 ಪಟ್ಟು ಪ್ರವಾಹ ಎಳೆದು ಓಡುತ್ತಲೇ ಇರುತ್ತದೆ. ರಿವೈಂಡಿಂಗ್ ಅಂಗಡಿಯವರಿಗೆ ಇದರ ಗುರುತು ಚೆನ್ನಾಗಿ ಗೊತ್ತು. ಸ್ಟಾರ್ ಜೋಡಣೆಯ ಮೋಟಾರ್‌ನಲ್ಲಿ ಎರಡು ಫೇಸ್‌ಗಳ ಸುರುಳಿಗಳು ಕರಕಲಾಗಿ ಒಂದು ಫೇಸ್ ಹೊಸದರಂತೆ ಉಳಿದಿರುತ್ತದೆ. ಡೆಲ್ಟಾದಲ್ಲಿ ತದ್ವಿರುದ್ಧ, ಒಂದೇ ಫೇಸ್ ಸುಟ್ಟಿರುತ್ತದೆ. ಉಳಿದೆರಡು ಸರಣಿಯಾಗಿ ಸೇರಿಕೊಂಡು ಅದರ ಅರ್ಧ ಪ್ರವಾಹ ಹೊತ್ತಿರುತ್ತವೆ. ಎಲ್ಲ ಸುರುಳಿಗಳೂ ಒಂದೇ ಸಮ ಕಪ್ಪಾಗಿದ್ದರೆ ಕಾರಣ ಬೇರೆ: ಪಂಪ್ ಜಾಮ್ ಆಗಿದ್ದೋ, ಮೂರೂ ಫೇಸ್‌ಗಳಲ್ಲಿ ವೋಲ್ಟೇಜ್ ಕುಸಿದಿದ್ದೋ.

ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಕೂರಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಈ ರಿಲೇಯ ಬಡ ತಮ್ಮ. ಮಾರುಕಟ್ಟೆಯಲ್ಲಿ ಎರಡು ಬಗೆಯವು ಸಿಗುತ್ತವೆ. ಅಗ್ಗದ್ದು ವೋಲ್ಟೇಜ್ ನೋಡುತ್ತದೆ. ಅದಕ್ಕೂ ಮೋಟಾರಿಗೂ ನಡುವೆ, ಸ್ಟಾರ್ಟರ್‌ನ ಸುಟ್ಟ ಕಾಂಟ್ಯಾಕ್ಟ್‌ನಲ್ಲೋ ಕೇಬಲ್ ಜಾಯಿಂಟ್‌ನಲ್ಲೋ ಫೇಸ್ ತಪ್ಪಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಹಿಂದಿನ ತಂತಿಯಲ್ಲೇ ತಪ್ಪಿದಾಗಲೂ, ಅದೇ ಮಾರ್ಗದಲ್ಲಿ ಓಡುತ್ತಿರುವ ಅಕ್ಕಪಕ್ಕದ ಮೋಟಾರುಗಳು ಕಡಿದ ಫೇಸ್‌ಗೆ ತಮ್ಮಿಂದಲೇ ಒಂದಷ್ಟು ವೋಲ್ಟೇಜ್ ಹುಟ್ಟಿಸಿ ಅದಕ್ಕೆ ಮಂಕುಬೂದಿ ಎರಚುತ್ತವೆ. ಪ್ರವಾಹ ನೋಡುವ ಬಗೆಯದು ಸ್ವಲ್ಪ ದುಬಾರಿ, ಆದರೆ ಫೇಸ್ ಎಲ್ಲಿ ತಪ್ಪಿದರೂ ಅದಕ್ಕೆ ತಿಳಿಯುತ್ತದೆ.

ರೈತರು ಇವನ್ನು ತೆಗೆದುಹಾಕುತ್ತಾರೆ ಎಂಬ ದೂರು ಹಳೆಯದು. ಅದಕ್ಕೂ ಕಾರಣವಿದೆ. ದಿನದ ಕೆಲವೇ ಗಂಟೆ ತ್ರೀ ಫೇಸ್ ಕೊಟ್ಟು, ಉಳಿದ ಹೊತ್ತು ಮನೆದೀಪಕ್ಕೆಂದು ಸಿಂಗಲ್ ಫೇಸ್ ಬಿಡುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಬಹುಕಾಲ ನಡೆದಿದೆ. ಬೆಳೆ ಒಣಗುವಾಗ ಸಿಕ್ಕಿದ ಕರೆಂಟಿನಲ್ಲೇ ಕಂಡೆನ್ಸರ್ ಹಾಕಿ ಮೋಟಾರ್ ಓಡಿಸುವವರಿಗೆ ಪ್ರಿವೆಂಟರ್ ಅಡ್ಡಗಾಲು. ಕಂಡೆನ್ಸರ್ ಇಲ್ಲದ ಮೂರನೆಯ ಫೇಸ್ ಅನ್ನು ಒಂದು ಮಟ್ಟಿಗೆ ಕಟ್ಟಿಕೊಡುತ್ತದೆ ನಿಜ, ಆದರೆ ಅದು ಸರಿಹೊಂದುವುದು ಯಾವುದೋ ಒಂದು ಹೊರೆಗೆ ಮಾತ್ರ. ಬೋರ್‌ವೆಲ್‌ನ ನೀರಿನ ಮಟ್ಟ ಇಳಿದು ಹೊರೆ ಬದಲಾದಾಗ I₂ ಮತ್ತೆ ತಲೆ ಎತ್ತುತ್ತದೆ. ರಿವೈಂಡಿಂಗ್ ಖರ್ಚಿನ ಜೊತೆಗೆ ಸಬ್‌ಮರ್ಸಿಬಲ್ ಮೋಟಾರನ್ನು ಕೊಳವೆಯಿಂದ ಎತ್ತಿ ಇಳಿಸುವ ಕೂಲಿಯನ್ನೂ ಕೂಡಿದರೆ, ಪ್ರವಾಹ ನೋಡುವ ಪ್ರಿವೆಂಟರ್‌ನ ಬೆಲೆ ಒಂದೇ ಸಲದ ಸುಡುವಿಕೆಯಲ್ಲಿ ಹುಟ್ಟಿಬಿಡುತ್ತದೆ. ಆದರೂ ತಪ್ಪನ್ನು ರೈತರ ಮೇಲೆ ಹೊರಿಸುವುದು ನ್ಯಾಯವಲ್ಲ. ಪಂಪ್‌ಸೆಟ್‌ಗಳಿಗೂ ಮನೆಗಳಿಗೂ ಬೇರೆ ಬೇರೆ ಫೀಡರ್ ಎಳೆದ ಕಡೆ ಸಿಂಗಲ್ ಫೇಸ್ ಬಿಡುವ ಅಗತ್ಯವೇ ಬೀಳುವುದಿಲ್ಲ; ಪ್ರಿವೆಂಟರ್ ಕಿತ್ತುಹಾಕುವ ಕಾರಣವೂ ಆಗ ಉಳಿಯುವುದಿಲ್ಲ. ಆ ಕೆಲಸ ಪೂರ್ಣವಾಗದ ಕಡೆ ಪ್ರಿವೆಂಟರ್ ಕಡ್ಡಾಯ ಮಾಡಿದರೂ ಅದು ಸ್ಟಾರ್ಟರ್ ಪೆಟ್ಟಿಗೆಯಲ್ಲಿ ತಂತಿ ಕಳಚಿಕೊಂಡೇ ಇರುತ್ತದೆ.